ರೇಟು ಕಡೆಗೆ, ಮೊದಲು ತೂಕ: ಮನೆಯ ಬಂಗಾರದ ಜಕಾತ್ ಲೆಕ್ಕ

(ವಿಜಯಪುರದಲ್ಲಿ ರಂಜಾನ್ ತಿಂಗಳಿಗೆ ಮುಂಚೆ, ಹೆಂಗಸರೂ ಗಂಡಸರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ಅಸ್ಸಲಾಮು ಅಲೈಕುಂ.

ನಾನು ಮೌಲಾನಾ ಅಲ್ಲ. ಸರಾಫ ಅಂಗಡಿಯಲ್ಲಿ ತಕ್ಕಡಿ, ಬಿಲ್ಲು, ಲೆಕ್ಕ ಇವುಗಳ ನಡುವೆ ಕೆಲಸ ಮಾಡುತ್ತಾ ಬಂದವನು. ಶರಿಯತ್ತಿನ ಮಾತನ್ನು ಉಲಮಾಗಳಿಂದ ಕೇಳಿ ತಿಳಿದಿದ್ದೇನೆ, ಅವರು ಹೇಳಿದ್ದನ್ನೇ ಹೇಳುತ್ತೇನೆ. ತೂಕ ಮತ್ತು ಬಂಗಾರದ ಮಾತು ಮಾತ್ರ ನನ್ನದು.

ರಂಜಾನ್ ಹತ್ತಿರ ಬಂದಾಗ ಅಂಗಡಿಗೆ ಫೋನು ಬರುತ್ತದೆ. "ಇವತ್ತು ಬಂಗಾರ ಏನ್ ರೇಟ್ ಐತ್ರಿ? ಜಕಾತ್ ತೆಗೀಬೇಕಾಗೇತಿ." ನಾನು ರೇಟು ಹೇಳುತ್ತೇನೆ. ಆಮೇಲೆ, "ಎಷ್ಟು ಬಂಗಾರ ಐತ್ರಿ?" ಅಂತ ಕೇಳಿದರೆ, "ಮನ್ಯಾಗ ಎಲ್ಲಾ ಸೇರಿ ಒಂದ್ ಹದಿನೆಂಟ್ ಹತ್ತೊಂಬತ್ ತೊಲಿ ಆಗಬಹುದು" ಅನ್ನುತ್ತಾರೆ. ಈ ಒಂದು ಮಾತಿನಲ್ಲಿ ಮೂರು ತೊಂದರೆ ಇವೆ. "ಎಲ್ಲಾ ಸೇರಿ" ಅನ್ನುವುದು ಒಂದು. "ತೊಲಿ" ಅನ್ನುವುದು ಇನ್ನೊಂದು. "ಆಗಬಹುದು" ಅನ್ನುವುದು ಮೂರನೆಯದು. ರೇಟು ಎಷ್ಟು ಸರಿ ಇದ್ದರೂ ಈ ಮೂರು ಸರಿಯಾಗದೆ ಜಕಾತ್ ಸರಿಯಾಗುವುದಿಲ್ಲ. ಅದಕ್ಕೇ ಇವತ್ತು ರೇಟಿನ ಮಾತನ್ನು ಕಡೆಗೆ ಇಟ್ಟುಕೊಂಡಿದ್ದೇನೆ.

ಬಂಗಾರ ಯಾರದು?

ಜಕಾತ್ ಮನೆಯ ಮೇಲೆ ಬರುವುದಿಲ್ಲ, ಒಬ್ಬೊಬ್ಬರ ಮೇಲೆ ಬರುತ್ತದೆ. ಗಂಡನ ಬಂಗಾರ ಗಂಡನ ಲೆಕ್ಕ, ಹೆಂಡತಿಯದು ಹೆಂಡತಿಯ ಲೆಕ್ಕ, ಅತ್ತೆಯದು ಅತ್ತೆಯ ಲೆಕ್ಕ. ಒಂದೇ ತಿಜೋರಿಯಲ್ಲಿ, ಒಂದೇ ಡಬ್ಬಿಯಲ್ಲಿ ಇಟ್ಟರೂ ಲೆಕ್ಕ ಒಂದಾಗುವುದಿಲ್ಲ. ಇಬ್ಬರದನ್ನು ಕೂಡಿಸಿ ಮಿತಿ ದಾಟಿಸುವ ಹಾಗಿಲ್ಲ. ಒಬ್ಬರದನ್ನು ಇನ್ನೊಬ್ಬರ ಹೆಸರಿಗೆ ಬಾಯಿಮಾತಲ್ಲಿ ತಳ್ಳಿ ಮಿತಿಯಿಂದ ಕೆಳಗೆ ಇಳಿಸುವ ಹಾಗೂ ಇಲ್ಲ.

ಮೆಹರಿನಲ್ಲಿ ಬಂದ ಬಂಗಾರ, ತವರಿನವರು ಕೊಟ್ಟ ಬಂಗಾರ ಆ ಹೆಣ್ಣುಮಗಳದೇ. ಇದರಲ್ಲಿ ಯಾರಿಗೂ ಗೊಂದಲ ಇಲ್ಲ. ಗೊಂದಲ ಇರುವುದು ಮದುವೆಯಲ್ಲಿ ಗಂಡಿನ ಕಡೆಯವರು ಹಾಕಿದ ಬಂಗಾರದಲ್ಲಿ. ಅದನ್ನು ಸೊಸೆಗೆ ಕೊಟ್ಟೇಬಿಟ್ಟರೋ ಅಥವಾ ಉಟ್ಟುತೊಟ್ಟು ಇರಲಿ ಅಂತ ಹಾಕಿದರೋ? ಕೊಟ್ಟಿದ್ದರೆ ಸೊಸೆಯ ಮೇಲೆ ಜಕಾತ್. ಹಾಕಿಕೊಳ್ಳಲು ಮಾತ್ರ ಕೊಟ್ಟಿದ್ದರೆ ಕೊಟ್ಟವರ ಮೇಲೆ. ಬಾಯಿಬಿಟ್ಟು ಹೇಳದಿದ್ದಾಗ ಆ ಮನೆತನದ ರೂಢಿ ಏನಿದೆಯೋ ಅದರ ಮೇಲೆ ಮುಫ್ತಿಗಳು ತೀರ್ಪು ಹೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಕೇಳಲು ಸಂಕೋಚ. ಹಾಗಾಗಿ ಸೊಸೆ "ಅದು ಅತ್ತೀದು" ಅಂತ ಬಿಡುತ್ತಾಳೆ, ಅತ್ತೆ "ಅದು ಸೊಸೀಗೆ ಹಾಕೇನಿ" ಅಂತ ಬಿಡುತ್ತಾರೆ. ಹತ್ತಿಪ್ಪತ್ತು ವರ್ಷ ಯಾರೂ ಕೊಡುವುದಿಲ್ಲ. ದಯವಿಟ್ಟು ಈ ಮಾತನ್ನು ಮನೆಯಲ್ಲಿ ಒಮ್ಮೆ ಕೂತು ಮುಗಿಸಿ. ಇದರಿಂದ ಜಗಳ ಆಗಬೇಕಿಲ್ಲ. ಸತ್ತ ಮೇಲೆ ಪಾಲು ಮಾಡುವಾಗಲೂ ಇದೇ ಪ್ರಶ್ನೆ ಬರುತ್ತದೆ ಅಲ್ವಾ?

ಮಗಳ ಮದುವೆಗೆ ಅಂತ ಎತ್ತಿಟ್ಟ ಬಂಗಾರದ್ದೂ ಇದೇ ಕಥೆ. ಮಗಳಿಗೆ ಅಂತ ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ತಂದೆಯ ಹೆಸರಲ್ಲೇ ಇದ್ದು, ಬೇಕಾದಾಗ ಮಾರಿ ಅಂಗಡಿಗೆ ಹಾಕುವ ಹಕ್ಕು ತಂದೆಗೇ ಇದ್ದರೆ ಅದು ತಂದೆಯ ಬಂಗಾರ, ಜಕಾತ್ ಅವನ ಮೇಲೆ. ನಿಜವಾಗಿ ಮಗಳಿಗೇ ಕೊಟ್ಟುಬಿಟ್ಟಿದ್ದರೆ ಅದು ಅವಳದು. ಆಮೇಲೆ ತಂದೆ ಅದನ್ನು ಮುಟ್ಟುವಂತಿಲ್ಲ. ಹನಫಿ ಮತದಲ್ಲಿ ವಯಸ್ಸಿಗೆ ಬರದ ಮಕ್ಕಳ ಬಂಗಾರಕ್ಕೆ ಜಕಾತ್ ಇಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಹೆಚ್ಚಿನವರು ಹನಫಿಗಳು. ಹನಫಿ ಮತದಲ್ಲಿ ಮೈಮೇಲೆ ಹಾಕಿಕೊಳ್ಳುವ ಒಡವೆಗೂ ಜಕಾತ್ ಉಂಟು. ಪ್ರವಾದಿಯವರ ಹತ್ತಿರ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಾಗ, ಆ ಮಗಳ ಕೈಯಲ್ಲಿದ್ದ ದಪ್ಪ ಬಂಗಾರದ ಬಳೆ ನೋಡಿ "ಇದರ ಜಕಾತ್ ಕೊಡುತ್ತೀಯಾ?" ಅಂತ ಕೇಳಿದ ಹದೀಸ್ ಅಬೂ ದಾವೂದ್ ಸಂಗ್ರಹದಲ್ಲಿದೆ. ಭಟ್ಕಳದ ಕಡೆಯಿಂದ ಸೊಸೆ ತಂದಿರುವ ಮನೆಗಳಿದ್ದರೆ, ಶಾಫಿ ಮತದಲ್ಲಿ ಹಾಕಿಕೊಳ್ಳುವ ಒಡವೆಗೆ ಜಕಾತ್ ಇಲ್ಲ ಅಂತ ಅವರು ಕೇಳಿ ಬೆಳೆದಿರುತ್ತಾರೆ. ಅದು ತಪ್ಪು ತಿಳಿವಳಿಕೆಯಲ್ಲ, ಬೇರೆ ಮತ. ಅವರವರು ತಮ್ಮ ಆಲಿಮರನ್ನು ಕೇಳಿಕೊಳ್ಳಲಿ. ನಾನು ಮುಂದೆ ಹೇಳುವುದೆಲ್ಲ ಹನಫಿ ಲೆಕ್ಕ.

ಯಾವ ತೊಲ?

ಜಕಾತ್ ಬರಲು ಒಂದು ಮಿತಿ ಇದೆ, ಅದಕ್ಕೆ ನಿಸಾಬ್ ಅಂತೀವಿ. ಬಂಗಾರಕ್ಕೆ ಏಳೂವರೆ ತೊಲ, ಬೆಳ್ಳಿಗೆ ಐವತ್ತೆರಡೂವರೆ ತೊಲ. ಇದು ಚಿಕ್ಕ ಮಕ್ಕಳಿಗೂ ಬಾಯಿಪಾಠ. ಆದರೆ ಯಾವ ತೊಲ?

ಇವತ್ತು ಅಂಗಡಿಗೆ ಬಂದು "ಎರಡು ತೊಲಿ ಚೈನು ಮಾಡಿಕೊಡಿ" ಅಂದರೆ ನಾವು 20 ಗ್ರಾಮಿನದು ಮಾಡಿಕೊಡುತ್ತೇವೆ. ಅಂಗಡಿಯ ತೊಲ ಅಂದರೆ ಈಗ 10 ಗ್ರಾಮ್. ಉಲಮಾಗಳ ಪುಸ್ತಕದಲ್ಲಿರುವ ತೊಲ ಅದಲ್ಲ. ಅದು ಹಳೇ ತೊಲ. ಬ್ರಿಟಿಷರು 1833ರಲ್ಲಿ 180 ಗ್ರೇನು ಅಂತ ಗೊತ್ತುಮಾಡಿದ ತೊಲ, ಗ್ರಾಮಿನಲ್ಲಿ ಹೇಳಿದರೆ 11.664. ಆ ಕಾಲದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು. ಅದಕ್ಕೇ ಹಿರಿಯರು ತಕ್ಕಡಿಯ ಒಂದು ಕಡೆ ರೂಪಾಯಿ ಇಟ್ಟು ಬಂಗಾರ ತೂಗುತ್ತಿದ್ದರು. 1950ರ ದಶಕದ ಕೊನೆಯಲ್ಲಿ ದೇಶಕ್ಕೆ ಗ್ರಾಮು, ಕಿಲೋ ಬಂದವು. ತೊಲ ಕಾನೂನಿನಿಂದ ಹೋಯಿತು, ಮಾತಿನಲ್ಲಿ ಉಳಿಯಿತು. ಉಳಿಯುವಾಗ ಮೆಲ್ಲಗೆ 10 ಗ್ರಾಮಿಗೆ ಇಳಿಯಿತು.

ಏಳೂವರೆ ಹಳೇ ತೊಲ ಅಂದರೆ 87.48 ಗ್ರಾಮ್. ಏಳೂವರೆ ಅಂಗಡಿ ತೊಲ ಅಂದರೆ 75 ಗ್ರಾಮ್. ನಡುವೆ ಹನ್ನೆರಡೂವರೆ ಗ್ರಾಮಿನ ವ್ಯತ್ಯಾಸ. ಹತ್ತಿರ ಬೇರೇನೂ ಇಲ್ಲದೆ 80 ಗ್ರಾಮ್ ಬಂಗಾರ ಮಾತ್ರ ಇರುವ ಹೆಣ್ಣುಮಗಳು ಅಂಗಡಿ ಲೆಕ್ಕದಲ್ಲಿ "ಎಂಟು ತೊಲಿ" ಒಡತಿ, ನಿಸಾಬ್ ದಾಟಿದವಳು. ಶರಿಯತ್ತಿನ ಲೆಕ್ಕದಲ್ಲಿ ಏಳು ತೊಲವೂ ಇಲ್ಲ, ದಾಟಿಲ್ಲ. ಅರಬ್ ದೇಶಗಳಲ್ಲಿ ದುಡಿದು ಬಂದವರು 85 ಗ್ರಾಮ್ ಅನ್ನುವುದನ್ನೂ ಕೇಳಿದ್ದೀರಿ. 20 ಮಿಸ್ಕಾಲ್ ಅನ್ನುವ ಮೂಲ ಅಳತೆಯನ್ನು ಗ್ರಾಮಿಗೆ ತರುವಾಗ ಅಲ್ಲಿ ಒಂದು ಲೆಕ್ಕ, ನಮ್ಮ ದೇಶದ ಹನಫಿ ಉಲಮಾಗಳದು ಇನ್ನೊಂದು. ನಿಮ್ಮದು 85 ಮತ್ತು 87.48ರ ನಡುವೆ ಬಂದರೆ ಕೊಟ್ಟುಬಿಡುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ಆದ್ದರಿಂದ ಚೀಟಿಯಲ್ಲಿ ತೊಲ ಅಂತ ಬರೆಯಲೇಬೇಡಿ. ಗ್ರಾಮ್ ಅಂತ ಬರೆಯಿರಿ.

ಈಗ ಇನ್ನೂ ಮುಖ್ಯವಾದ ಮಾತು. ಈ 87.48 ಗ್ರಾಮ್ ಮಿತಿ ಬಂಗಾರ ಬಿಟ್ಟು ಬೇರೇನೂ ಇಲ್ಲದವರಿಗೆ. ಬಂಗಾರದ ಜೊತೆ ಬೆಳ್ಳಿಯೋ, ಬ್ಯಾಂಕಿನಲ್ಲಿ ದುಡ್ಡೋ, ವ್ಯಾಪಾರದ ಮಾಲೋ ಇದ್ದರೆ ಹನಫಿ ಮತದಲ್ಲಿ ಎಲ್ಲದರ ಬೆಲೆ ಕೂಡಿಸಬೇಕು. ಕೂಡಿಸಿದ ಮೊತ್ತ 612.36 ಗ್ರಾಮ್ ಬೆಳ್ಳಿಯ ಬೆಲೆಗೆ ಮುಟ್ಟಿದರೆ ಜಕಾತ್ ಬಂತು. ಇವತ್ತಿನ ಬೆಲೆಯಲ್ಲಿ ಅಷ್ಟು ಬೆಳ್ಳಿಯ ಬೆಲೆ ಏಳೂವರೆ ತೊಲ ಬಂಗಾರದ ಬೆಲೆಗಿಂತ ಬಹಳ ಕಡಿಮೆ. "ನಂದು ಐದಾರು ತೊಲಿ ಅಷ್ಟ ಐತಿ, ನನಗ ಜಕಾತ್ ಇಲ್ಲ" ಅಂದುಕೊಂಡಿರುವ ತಾಯಂದಿರಲ್ಲಿ ಬಹಳ ಜನಕ್ಕೆ ಜಕಾತ್ ಇದೆ. ಕಾಲಲ್ಲಿ ಬೆಳ್ಳಿ ಚೈನು ಇದೆ, ಖಾತೆಯಲ್ಲಿ ಒಂದಿಷ್ಟು ದುಡ್ಡು ಇದೆ. ಅವರ ಲೆಕ್ಕ ಬೆಳ್ಳಿಯ ಮಿತಿಗೆ ಹೋಯಿತು.

ತಕ್ಕಡಿ ತೋರಿಸುವುದೆಲ್ಲ ಬಂಗಾರವಲ್ಲ

ಈಗ "ಆಗಬಹುದು" ಅನ್ನುವ ಮಾತಿಗೆ ಬರೋಣ. ಅಡುಗೆಮನೆಯ ತಕ್ಕಡಿ ಬೇಡ. ಸರಾಫರ ಅಂಗಡಿಗೆ ಹೋಗಿ, ಒಂದೊಂದೇ ಒಡವೆ ಬೇರೆ ಬೇರೆ ತೂಗಿಸಿ ಬರೆದುಕೊಳ್ಳಿ.

ತೂಗಿದ್ದು ಒಟ್ಟು ತೂಕ. ಅದರಲ್ಲಿ ಹರಳು, ಮುತ್ತು, ಕರಿಮಣಿ, ದಾರ ಸೇರಿರುತ್ತವೆ. ಹಾಕಿಕೊಳ್ಳುವ ಒಡವೆಯ ಹರಳಿಗೆ, ಮುತ್ತಿಗೆ ಜಕಾತ್ ಇಲ್ಲ. ಅದನ್ನು ಕಳೆಯಬೇಕು. ಈಚಿನ ಬಿಲ್ಲುಗಳಲ್ಲಿ ಒಟ್ಟು ತೂಕ, ಹರಳಿನ ತೂಕ, ನಿವ್ವಳ ತೂಕ ಬೇರೆ ಬೇರೆ ಬರೆದಿರುತ್ತಾರೆ. ಬಿಲ್ಲು ಇಟ್ಟುಕೊಂಡವರ ಕೆಲಸ ಅಲ್ಲಿಗೆ ಮುಗಿಯಿತು.

ನಮ್ಮ ಕಡೆಯ ಹಳೇ ಒಡವೆಗಳಲ್ಲಿ ಕಷ್ಟ ಬರುವುದು ಬೋರಮಾಳದಲ್ಲಿ. ಬೋರಮಾಳದ ಮಣಿ ನೋಡಲು ಗಟ್ಟಿ, ಆದರೆ ಒಳಗೆ ಪೊಳ್ಳು. ತಗ್ಗಬಾರದು ಅಂತ ಒಳಗೆ ಅರಗು ತುಂಬಿರುತ್ತಾರೆ. ಹಳೇ ಕಿವಿಯೋಲೆ, ತೋಳಬಂದಿಗಳಲ್ಲೂ ಅರಗು ಇರಬಹುದು. ತಕ್ಕಡಿ ಅರಗನ್ನೂ ಬಂಗಾರದ ಜೊತೆಗೇ ತೂಗುತ್ತದೆ. ಎಷ್ಟು ಅರಗು ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ, ಮಣಿಯ ತಗಡು ಎಷ್ಟು ದಪ್ಪ ಅನ್ನುವುದರ ಮೇಲೆ ಹೋಗುತ್ತದೆ. ಒಳ್ಳೆಯ ಪತ್ತಾರರು ಒಂದು ಮಣಿ ಬಿಡಿಸಿಕೊಂಡು, ಅರಗು ಕರಗಿಸಿ ತೆಗೆದು, ಉಳಿದ ತಗಡು ತೂಗಿ ಹೇಳುತ್ತಾರೆ. ಹರಿದ ಮಣಿ ಇದ್ದರೆ ಅದರಿಂದಲೇ ನೋಡಬಹುದು. ಒಂದು ಮಣಿಯಿಂದ ಇಡೀ ಸರದ ಅಂದಾಜು ಸಿಗುತ್ತದೆ. ಇದು ಅಂದಾಜೇ, ಆದರೆ ಕಣ್ಣಳತೆಗಿಂತ ಎಷ್ಟೋ ಮೇಲು.

ಆಮೇಲೆ ಶುದ್ಧತೆ. 24 ಭಾಗದಲ್ಲಿ 22 ಭಾಗ ಬಂಗಾರ ಇದ್ದರೆ 22 ಕ್ಯಾರೆಟ್, ಅದನ್ನೇ 916 ಅಂತೀವಿ. ಹರಳಿನ ಕೆಲಸಕ್ಕೆ 18 ಕ್ಯಾರೆಟ್ ಜಾಸ್ತಿ, ಅದು 750. ಹೊಸ ಒಡವೆ ಆದರೆ ಒಳಮೈಯಲ್ಲಿ ಸಣ್ಣದಾಗಿ ಬಿಐಎಸ್ ಗುರುತು, 22K916 ಅನ್ನುವ ಅಚ್ಚು, ಆರು ಅಕ್ಷರ-ಅಂಕಿಗಳ ಒಂದು ನಂಬರು ಇರುತ್ತದೆ. ಆ ಆರಕ್ಕೆ ಎಚ್‌ಯುಐಡಿ ಅಂತಾರೆ. BIS Care ಅನ್ನುವ ಆ್ಯಪಿನಲ್ಲಿ ಅದನ್ನು ಹಾಕಿದರೆ ಒಡವೆಯ ಶುದ್ಧತೆ ಏನೆಂದು ಬರುತ್ತದೆ. ಇದು 2021ರಿಂದ ಬಂದ ಪದ್ಧತಿ. ಅದಕ್ಕಿಂತ ಹಳೆಯ ಹಾಲ್‌ಮಾರ್ಕಿನಲ್ಲಿ ಈ ನಂಬರು ಇರುವುದಿಲ್ಲ, 916 ಅಂತ ಇರುತ್ತದೆ.

ಬಹಳ ಜನ "ನಮ್ಮದು ಕೆಡಿಎಂ ಐತ್ರಿ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಕೆಡಿಎಂ ಅಂದರೆ ಬೆಸುಗೆಗೆ ಕ್ಯಾಡ್ಮಿಯಂ ಬಳಸಿದ್ದಾರೆ ಅಂತ ಅಷ್ಟೇ. ಅದು ಶುದ್ಧತೆಯ ಗ್ಯಾರಂಟಿ ಅಲ್ಲ. ಕೆಡಿಎಂ ಅಚ್ಚಿನ ಒಡವೆಯನ್ನೂ ಪರೀಕ್ಷೆ ಮಾಡಿಸಿಯೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಜ್ಜಿಯ ಕಾಲದ ಬಂಗಾರದ ಬಗ್ಗೆ ಎರಡು ನಂಬಿಕೆ ಇವೆ. ಕೆಲವರು "ಹಳೇದು ಅಂದ್ರ ಅಪರಂಜಿ" ಅಂತಾರೆ. ಕೆಲವರು "ಹಳೇದ್ರಾಗ ಬೆಸುಗೆನ ಜಾಸ್ತಿ" ಅಂತಾರೆ. ಎರಡೂ ಕಂಡಿದ್ದೇನೆ. ಟಂಚ ನೋಡಿಸದೆ ಹೇಳಲು ಬರುವುದಿಲ್ಲ. ಈಗ ದೊಡ್ಡ ಅಂಗಡಿಗಳಲ್ಲಿ ಕ್ಯಾರೆಟ್ ನೋಡುವ ಮಷೀನು ಇದೆ, ಒಡವೆ ಕೆಡಿಸದೆ ಒಂದೆರಡು ನಿಮಿಷದಲ್ಲಿ ಹೇಳುತ್ತದೆ. ಅದಕ್ಕೊಂದು ಮಿತಿ ಇದೆ. ಅದು ಮೇಲ್ಮೈಯನ್ನು ಮಾತ್ರ ನೋಡುತ್ತದೆ. ಮೇಲೆ ಪಾಲಿಶ್ ಕೊಟ್ಟಿದ್ದರೆ ಒಳಗಿನದಕ್ಕಿಂತ ಹೆಚ್ಚು ತೋರಿಸಬಹುದು. ಹಾಗಾಗಿ ಎರಡು ಮೂರು ಜಾಗದಲ್ಲಿ, ಸವೆದ ಜಾಗದಲ್ಲೂ ಇಟ್ಟು ನೋಡಿಸಿ.

ಇಲ್ಲೊಂದು ಸೂಕ್ಷ್ಮ ಇದೆ. ನಿಸಾಬ್ ಮುಟ್ಟಿತೋ ಇಲ್ಲವೋ ನೋಡುವಾಗ, ಒಡವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಂಗಾರವೇ ಇದ್ದರೆ ಹನಫಿ ಮತದಲ್ಲಿ ಇಡೀ ಲೋಹದ ತೂಕವನ್ನು ಬಂಗಾರ ಅಂತಲೇ ಎಣಿಸುತ್ತಾರೆ. ಹರಳು, ಅರಗು ಇದರಲ್ಲಿ ಬರುವುದಿಲ್ಲ. ಬೆರೆಸಿದ ತಾಮ್ರ, ಬೆಳ್ಳಿ ಬರುತ್ತವೆ. ಆದರೆ ಎಷ್ಟು ಕೊಡಬೇಕು ಅಂತ ಬೆಲೆ ಕಟ್ಟುವಾಗ 22 ಕ್ಯಾರೆಟ್ಟಿಗೆ 22ರ ರೇಟು, 18ಕ್ಕೆ 18ರ ರೇಟು.

ಈಗ ರೇಟು

ಪೇಪರಿನಲ್ಲಿ ಬರುವುದು ಹೆಚ್ಚಾಗಿ 10 ಗ್ರಾಮ್ 24 ಕ್ಯಾರೆಟ್ಟಿನ ಬೆಲೆ. ಅಂಗಡಿಯ ಬೋರ್ಡಿನಲ್ಲಿ ಬರುವುದು ಒಂದು ಗ್ರಾಮ್ 22 ಕ್ಯಾರೆಟ್ಟಿನದು. ಎರಡನ್ನೂ ಕಲಸಬೇಡಿ. 24ರ ಬೆಲೆಯನ್ನು 24ರಿಂದ ಭಾಗಿಸಿ 22ರಿಂದ ಗುಣಿಸಿದರೆ 22ರ ಬೆಲೆ ಹೆಚ್ಚುಕಡಿಮೆ ಬರುತ್ತದೆ. ಮಜೂರಿ, ಜಿಎಸ್‌ಟಿ ಸೇರಿಸಬೇಕಾಗಿಲ್ಲ. ಅವು ಕೊಳ್ಳುವಾಗಿನ ಖರ್ಚು, ನಿಮ್ಮ ಹತ್ತಿರ ಇರುವ ಬಂಗಾರವಲ್ಲ. ಕೊಂಡಾಗಿನ ಬೆಲೆಯೂ ಬೇಡ. 1998ರಲ್ಲಿ ಎಷ್ಟಕ್ಕೆ ಕೊಂಡಿರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

"ಅಂಗಡಿಯವರು ಮಾರುವ ರೇಟಾ, ನಮ್ಮಿಂದ ಕೊಳ್ಳುವ ರೇಟಾ?" ಅಂತ ಒಬ್ಬ ಅಕ್ಕ ಕೇಳಿದರು. ಇದರಲ್ಲಿ ಉಲಮಾಗಳ ಮಾತು ಎರಡೂ ಕಡೆ ಇದೆ. ನಾನು ಬೋರ್ಡಿನ ರೇಟನ್ನೇ ಹಿಡಿಯುತ್ತೇನೆ. ಹಳೇದು ಕೊಳ್ಳುವಾಗ ಒಂದೊಂದು ಅಂಗಡಿ ಒಂದೊಂದು ರೀತಿ ಕಡಿತ ಹಿಡಿಯುತ್ತದೆ, ಆ ಕಡಿತವನ್ನು ಬಡವರ ಪಾಲಿನಿಂದ ಕಳೆಯಲು ನನಗೆ ಮನಸ್ಸು ಬರುವುದಿಲ್ಲ.

ಯಾವ ದಿನದ ರೇಟು? ನಿಮ್ಮ ಚಾಂದ್ರ ವರ್ಷ ತುಂಬುವ ದಿನ ಗೊತ್ತುಮಾಡಿಕೊಂಡು, ಅದೇ ದಿನ ಲೆಕ್ಕ ಹಾಕಿ ಅದೇ ದಿನ ಕೊಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ. ತಡವಾಗಿ ಕೊಡುವವರು ಆಲಿಮರನ್ನು ಕೇಳಿ, ಯಾಕೆಂದರೆ ಬಂಗಾರದ ಬೆಲೆ ಈಗ ಎರಡು ತಿಂಗಳಲ್ಲೂ ಬಹಳ ಏರಬಹುದು. ವರ್ಷದ ನಡುವೆ ಕೊಂಡ ಬಂಗಾರಕ್ಕೆ ಬೇರೆ ವರ್ಷ ಎಣಿಸುವುದು ಬೇಡ. ಮೊದಲೇ ನಿಸಾಬ್ ಇದ್ದವರಿಗೆ ಅದು ಹಳೆಯದರ ಜೊತೆಗೇ ಸೇರುತ್ತದೆ.

ಕೊಡಬೇಕಾದದ್ದು ನೂರಕ್ಕೆ ಎರಡೂವರೆ. ಅಂದರೆ ನಲವತ್ತರಲ್ಲಿ ಒಂದು. 40 ಗ್ರಾಮಿಗೆ 1 ಗ್ರಾಮ್. ಈ ಒಂದು ಮಾತು ನೆನಪಿದ್ದರೆ ಕ್ಯಾಲ್ಕುಲೇಟರಿನಲ್ಲಿ ಸೊನ್ನೆ ತಪ್ಪಿದರೂ ಕೂಡಲೇ ಗೊತ್ತಾಗುತ್ತದೆ.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ. ಅತ್ತೆ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು. ಲೆಕ್ಕ ಸುಲಭವಾಗಲಿ ಅಂತ 24 ಕ್ಯಾರೆಟ್ ಗ್ರಾಮಿಗೆ 12,000 ರೂಪಾಯಿ ಅಂತ ಹಿಡಿಯೋಣ. ಆಗ 22ಕ್ಕೆ 11,000, 20ಕ್ಕೆ 10,000, 18ಕ್ಕೆ 9,000. ಬೆಳ್ಳಿ ಗ್ರಾಮಿಗೆ 150 ಅಂದರೆ ಬೆಳ್ಳಿಯ ನಿಸಾಬ್ 91,854 ರೂಪಾಯಿ. ನೀವು ನಿಮ್ಮ ದಿನದ ರೇಟು ಹಾಕಿಕೊಳ್ಳಿ.

ಸೊಸೆಯದು ಮೊದಲು. ಪಾಟ್ಲಿ ಮತ್ತು ಬಳೆ 48 ಗ್ರಾಮ್, ಹಾಲ್‌ಮಾರ್ಕ್ 916. ಹರಳಿನ ನೆಕ್ಲೇಸು ಒಟ್ಟು 38 ಗ್ರಾಮ್, ಬಿಲ್ಲಿನಲ್ಲಿ ಹರಳು 6 ಗ್ರಾಮ್, ಉಳಿದದ್ದು 32, ಅದೂ 22 ಕ್ಯಾರೆಟ್. ಉಂಗುರ, ಕಿವಿಯದು ಸೇರಿ 9 ಗ್ರಾಮ್, ಹರಳು ಕಳೆದರೆ 8, ಅದು 18 ಕ್ಯಾರೆಟ್. ಅಂದರೆ 22ರದು 80 ಗ್ರಾಮ್, 18ರದು 8 ಗ್ರಾಮ್, ಒಟ್ಟು 88 ಗ್ರಾಮ್. ಬರೀ ಬಂಗಾರವೇ ಇದ್ದರೂ ಹನಫಿ ಲೆಕ್ಕದಲ್ಲಿ ಕೂದಲೆಳೆಯಷ್ಟು ಅಂತರದಲ್ಲಿ ನಿಸಾಬ್ ದಾಟಿದಳು. ಅವಳ ಖಾತೆಯಲ್ಲಿ 40,000 ಉಳಿತಾಯವೂ ಇದೆ, ಹಾಗಾಗಿ ಅನುಮಾನವೇ ಉಳಿಯಲಿಲ್ಲ. ಬೆಲೆ ಕಟ್ಟಿದರೆ 8,80,000, ಅದಕ್ಕೆ 72,000, ಅದಕ್ಕೆ 40,000. ಒಟ್ಟು 9,92,000. ನಲವತ್ತರಲ್ಲಿ ಒಂದು ಭಾಗ 24,800 ರೂಪಾಯಿ. ತೂಕದಿಂದ ತಾಳೆ ನೋಡೋಣ. 80 ಗ್ರಾಮಿಗೆ 2 ಗ್ರಾಮ್, ಅಂದರೆ 22,000. 8 ಗ್ರಾಮಿಗೆ 0.2 ಗ್ರಾಮ್, 18ರ ರೇಟಿನಲ್ಲಿ 1,800. ದುಡ್ಡಿಗೆ 1,000. ಕೂಡಿದರೆ 24,800. ಸರಿ ಬಂತು.

ಅತ್ತೆಯದು ಹಳೇ ಬಂಗಾರ. ತೋಡೆ 40 ಗ್ರಾಮ್. ಬೋರಮಾಳ ತಕ್ಕಡಿಯಲ್ಲಿ 30 ಗ್ರಾಮ್. ಹರಿದ ಒಂದು ಮಣಿ ಅರಗಿನ ಸಮೇತ ಅರ್ಧ ಗ್ರಾಮ್ ಇತ್ತು, ಅರಗು ತೆಗೆದ ಮೇಲೆ 0.3 ಬಂತು. ಅಂದರೆ ಐದರಲ್ಲಿ ಮೂರು ಭಾಗ ಬಂಗಾರ, ಇಡೀ ಸರಕ್ಕೆ 18 ಗ್ರಾಮ್. ಎರಡರದೂ ಟಂಚ 20 ಕ್ಯಾರೆಟ್ ಅಂತ ಬಂತು. ಒಟ್ಟು 58 ಗ್ರಾಮ್. ಏಳೂವರೆ ತೊಲಕ್ಕೆ ಎಷ್ಟೋ ಕೆಳಗೆ. ಇವರೇ "ನನಗ ಇಲ್ಲ" ಅನ್ನುವವರು. ಆದರೆ ಅವರ ಬೆಳ್ಳಿ ಸಾಮಾನಿನ ಬೆಲೆ 30,000, ಕೈಯಲ್ಲಿ 10,000. ಬಂಗಾರದ 5,80,000 ಸೇರಿದರೆ 6,20,000. ಬೆಳ್ಳಿಯ ಮಿತಿ 91,854. ಎಲ್ಲಿಗೆಲ್ಲಿ! ಅವರ ಜಕಾತ್ 15,500 ರೂಪಾಯಿ.

ಮಗನ ಹತ್ತಿರ 24 ಕ್ಯಾರೆಟ್ ನಾಣ್ಯ 20 ಗ್ರಾಮ್, "ಮಗಳ ಮದುವಿಗೆ" ಅಂತ ತೆಗೆದಿಟ್ಟದ್ದು. ಮಗಳಿಗೆ ಕೊಟ್ಟಿಲ್ಲ, ಆದ್ದರಿಂದ ಅವನದೇ. 2,40,000. ಉಳಿತಾಯ 1,00,000. ಈಗಲೇ ತೀರಿಸಬೇಕಾದ ಕೈಸಾಲ 40,000, ಅದನ್ನು ಕಳೆಯಬಹುದು. ಉಳಿದದ್ದು 3,00,000, ಜಕಾತ್ 7,500. ಮೊಮ್ಮಗಳ ಕಿವಿಯ 4 ಗ್ರಾಮ್ ಅವಳಿಗೇ ಕೊಟ್ಟದ್ದು, ಅದಕ್ಕೆ ಇಲ್ಲ.

ಮೂವರದೂ ಕೂಡಿ 47,800.

ಇದೇ ಮನೆಯವರು ಎಲ್ಲಾ ಒಡವೆ ಒಂದೇ ತಟ್ಟೆಗೆ ಹಾಕಿ ತೂಗಿದ್ದರೆ 189 ಗ್ರಾಮ್ ಬರುತ್ತಿತ್ತು. ಪೇಪರಿನ 24ರ ರೇಟು ಹಾಕಿ 56,700 ಅಂತ ತೆಗೆಯುತ್ತಿದ್ದರು. ಹರಳಿಗೆ, ಅರಗಿಗೆ, ತಾಮ್ರಕ್ಕೆ, ಮಗುವಿನ ಕಿವಿಯದಕ್ಕೆ ಕೊಟ್ಟಂತೆ. ದುಡ್ಡು ಮತ್ತು ಬೆಳ್ಳಿ ಬಿಟ್ಟೇ ಹೋಗಿರುತ್ತಿದ್ದವು. ಹೆಚ್ಚು ಕೊಟ್ಟದ್ದು ಸದಕಾ ಆಗುತ್ತದೆ, ಹಾನಿಯಿಲ್ಲ. ಆದರೆ ಮುಂದಿನ ವರ್ಷ ರೇಟು ಏರಿದಾಗ "ಇಷ್ಟು ಎಲ್ಲಿಂದ ತರೋದು" ಅಂತ ಕೈಬಿಡುವವರು ಇವರೇ. ಹಾಗೆ ಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸೊಸೆಯ 24,800 ಯಾರು ಕೊಡಬೇಕು? ಹೊಣೆ ಅವಳದು. ಗಂಡ ಅವಳಿಗೆ ಹೇಳಿ, ಅವಳ ಒಪ್ಪಿಗೆಯಿಂದ ಕೊಟ್ಟರೆ ಆಗುತ್ತದೆ. ಸುಮ್ನೆ ತನ್ನ ಲೆಕ್ಕದಲ್ಲಿ ಸೇರಿಸಿ ಕೊಟ್ಟು ಅವಳಿಗೆ ಗೊತ್ತೇ ಇಲ್ಲ ಅನ್ನುವಂತೆ ಆಗಬಾರದು. ದುಡ್ಡೇ ಇಲ್ಲದವರು ವರ್ಷವಿಡೀ ತಿಂಗಳಿಗೆ ಇಷ್ಟು ಅಂತ ಮುಂಗಡವಾಗಿ ಕೊಡುತ್ತಾ ಬಂದು, ವರ್ಷ ತುಂಬಿದ ದಿನ ಲೆಕ್ಕ ಸರಿಮಾಡಿಕೊಳ್ಳಬಹುದು. ಬಂಗಾರವನ್ನೇ ಕೊಡುವುದೂ ಉಂಟು.

ಬಿಟ್ಟುಹೋದ ವರ್ಷಗಳು

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು, "ಮೂರು ವರ್ಷದ್ದು ಕೊಟ್ಟೇ ಇಲ್ರಿ, ಈಗ ಹೆಂಗ?" ಬಿಟ್ಟದ್ದು ತಲೆಯ ಮೇಲೆ ಸಾಲವಾಗಿ ಇರುತ್ತದೆ, ತಾನಾಗಿ ಹೋಗುವುದಿಲ್ಲ. ಇಲ್ಲಿ ತೂಕದ ಲೆಕ್ಕ ಬಹಳ ಉಪಕಾರಕ್ಕೆ ಬರುತ್ತದೆ. 22 ಕ್ಯಾರೆಟ್ 80 ಗ್ರಾಮ್ ಮೂರೂ ವರ್ಷ ಹಾಗೇ ಇತ್ತು, ಜೊತೆಗೆ ದುಡ್ಡೂ ಇದ್ದು ನಿಸಾಬ್ ದಾಟಿತ್ತು ಅಂತ ಇಟ್ಟುಕೊಳ್ಳಿ. ಮೊದಲ ವರ್ಷಕ್ಕೆ 2 ಗ್ರಾಮ್. ಆ 2 ಗ್ರಾಮ್ ಬಡವರದಾಯಿತು, ಅದನ್ನು ಕಳೆದು ಎರಡನೇ ವರ್ಷ 78ಕ್ಕೆ 1.95. ಮೂರನೇ ವರ್ಷ 76.05ಕ್ಕೆ 1.90. ಒಟ್ಟು 5.85 ಗ್ರಾಮ್. ಇದನ್ನು ಕೊಡುವ ದಿನದ 22ರ ರೇಟಿನಿಂದ ಗುಣಿಸಿದರೆ, ನಮ್ಮ ಉದಾಹರಣೆಯ ಬೆಲೆಯಲ್ಲಿ 64,350 ರೂಪಾಯಿ. ದುಡ್ಡಿನ ಜಕಾತ್ ಬೇರೆ. ಒಮ್ಮೆಗೇ ಆಗದಿದ್ದರೆ ಕಂತಿನಲ್ಲಿ ಕೊಡಿ, ಆದರೆ ಎಷ್ಟು ಗ್ರಾಮ್ ಬಾಕಿ ಅಂತ ಬರೆದಿಡಿ.

ಅಡವಿಟ್ಟ ಬಂಗಾರದ ಬಗ್ಗೆಯೂ ಕೇಳಿದರು. ಅದರಲ್ಲಿ ಬ್ಯಾಂಕಿನ ಸಾಲ, ಅಡವಿನ ಅವಧಿ, ಮತದ ಭೇದ ಎಲ್ಲಾ ಬರುತ್ತವೆ. ಸಾಲದ ಚೀಟಿ ಹಿಡಿದುಕೊಂಡು ಮುಫ್ತಿಗಳ ಹತ್ತಿರವೇ ಹೋಗಿ.

ಈ ವಾರ ಮಾಡಬೇಕಾದದ್ದು ಇಷ್ಟು. ಒಬ್ಬೊಬ್ಬರ ಹೆಸರಿಗೂ ಒಂದು ಹಾಳೆ. ಒಡವೆಯ ಹೆಸರು, ಒಟ್ಟು ತೂಕ, ಹರಳು ಅಥವಾ ಅರಗು, ಉಳಿದ ಗ್ರಾಮ್, ಕ್ಯಾರೆಟ್. ಕೆಳಗೆ ಇಸ್ಲಾಮಿ ತಿಂಗಳ ತಾರೀಖು. ಆ ಹಾಳೆ ಡಬ್ಬಿಯಲ್ಲೇ ಇರಲಿ. ಮುಂದಿನ ವರ್ಷ ಮತ್ತೆ ತೂಗಿಸುವ ಕೆಲಸ ಇಲ್ಲ, ಹೊಸದಾಗಿ ಬಂದದ್ದು ಸೇರಿಸಿ, ಹೋದದ್ದು ಹೊಡೆದುಹಾಕಿ, ಆ ದಿನದ ರೇಟು ಕೇಳಲು ಫೋನು ಮಾಡಿದರೆ ಆಯಿತು.